ಪೋಲಿಯೊ ಭಾನುವಾರ: ಓದಲು ಬರದಿದ್ದರೂ ನೋಡಿ ತಿಳಿಯುವ ಮೂರು ಗುರುತು

ಆಟೊಗೆ ಮೈಕು ಕಟ್ಟಿಕೊಂಡು ‘ಈ ಭಾನುವಾರ ಪೋಲಿಯೊ ಹನಿ’ ಎಂದು ಕೂಗುತ್ತಾ ಹೋಗುತ್ತಾರೆ. ಅಂಗನವಾಡಿ ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ. ಅದನ್ನು ಓದಿದವರಿಗೆ ಗೊತ್ತಾಗುತ್ತದೆ, ಓದಲು ಬರದವರು ಪಕ್ಕದ ಮನೆಯವರನ್ನು ಕೇಳುತ್ತಾರೆ. ಆದರೆ ನಿಮ್ಮ ಮಗುವಿಗೆ ಹನಿ ಸರಿಯಾಗಿ ಬಿತ್ತೇ ಇಲ್ಲವೇ ಎಂದು ತಿಳಿಯಲು ಅಕ್ಷರ ಬೇಕಾಗಿಲ್ಲ. ಬಾಟಲಿ ಮೇಲೆ ಒಂದು ಗುರುತು, ಮಗುವಿನ ಬೆರಳ ಮೇಲೆ ಒಂದು, ಮನೆ ಗೋಡೆ ಮೇಲೆ ಒಂದು. ಈ ಮೂರನ್ನು ನೋಡಲು ಬಂದರೆ ಸಾಕು. ಜನ ಬೂತಿನಲ್ಲಿ ಕೇಳುವ ಪ್ರಶ್ನೆಗಳ ಜೊತೆಗೆ ಒಂದೊಂದಾಗಿ ನೋಡೋಣ. ಮನೆಯಲ್ಲಿ ಓದಲು ಬರದ ಹಿರಿಯರಿದ್ದರೆ ಇದನ್ನು ಓದಿ ಹೇಳಿ.

ಯಾವ ಮಕ್ಕಳಿಗೆ? ನಮ್ಮದು ಇನ್ನೂ ಬಾಣಂತಿ ಮನೆ

ಐದು ವರ್ಷ ತುಂಬದ ಎಲ್ಲ ಮಕ್ಕಳಿಗೂ. ನಿನ್ನೆ ಹುಟ್ಟಿದ ಮಗುವಿಗೂ ಹಾಕಿಸಬೇಕು. ‘ಇಷ್ಟು ಚಿಕ್ಕ ಕೂಸಿಗೆ ಯಾಕೆ, ಮುಂದಿನ ಸಲ ನೋಡೋಣ’ ಎಂದು ಅಜ್ಜಿಯರು ಹೇಳುವುದುಂಟು. ಅಂಥ ಕೂಸುಗಳೇ ಜಾಸ್ತಿ ತಪ್ಪಿಹೋಗುವುದು. ಬಾಣಂತಿಯನ್ನು ಹೊರಗೆ ಕಳಿಸುವುದಿಲ್ಲ ಎಂದಾದರೆ ಬೇಡ, ಮನೆಯಲ್ಲಿ ಕೂಸಿದೆ ಎಂದು ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ. ಮನೆಗೇ ಬಂದು ಹಾಕುತ್ತಾರೆ.

ದುಡ್ಡು ಕೊಡಬೇಕಿಲ್ಲ. ಆಧಾರ್, ರೇಷನ್ ಕಾರ್ಡ್ ಏನನ್ನೂ ತೋರಿಸಬೇಕಿಲ್ಲ. ಬೇರೆ ಊರಿನವರು, ಬೇರೆ ರಾಜ್ಯದವರು ಎಂದು ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಆ ದಿನ ಬಸ್ಸಿನಲ್ಲಿ ಇದ್ದೀರಾ? ದೊಡ್ಡ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲೂ ಹನಿ ಹಾಕುವವರು ಕೂತಿರುತ್ತಾರೆ.

ಹೋದ ವರ್ಷ ಹಾಕಿಸಿದ್ದೇವೆ. ಮತ್ತೆ ಯಾಕೆ?

ಈ ಪ್ರಶ್ನೆ ಪ್ರತಿ ಬೂತಿನಲ್ಲೂ ಬರುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪೋಲಿಯೊ ವೈರಸ್ ಮಗುವಿನ ಕರುಳಿನಲ್ಲಿ ಬೆಳೆಯುತ್ತದೆ. ಮಲದಲ್ಲಿ ಹೊರಗೆ ಬಂದು ನೀರು, ಕೈ, ಊಟದ ಮೂಲಕ ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತದೆ. ಹನಿ ಹಾಕಿದ ಮಗುವಿನ ಕರುಳಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಆದರೆ ಒಂದೇ ಸಲದ ಹನಿ ಎಲ್ಲ ಮಕ್ಕಳಿಗೂ ಹತ್ತುವುದಿಲ್ಲ. ನಮ್ಮಂಥ ಬಿಸಿಲಿನ ದೇಶದಲ್ಲಿ, ಭೇದಿಯ ಕಾಟ ಇರುವ ಕಡೆ, ಮಗುವಿನ ಹೊಟ್ಟೆಯಲ್ಲಿ ಬೇರೆ ವೈರಸ್‌ಗಳೂ ಇರುತ್ತವೆ. ಅವುಗಳ ನಡುವೆ ಲಸಿಕೆ ಕೆಲಸ ಮಾಡದೇ ಹೋಗಬಹುದು. ಅದಕ್ಕೇ ಹಲವು ಸಲ.

ಎಲ್ಲರಿಗೂ ಒಂದೇ ದಿನ ಯಾಕೆ? ಊರಿಗೆ ಕಳ್ಳ ಬಂದಾಗ ಒಂದೊಂದು ಮನೆಯವರು ಒಂದೊಂದು ದಿನ ಬಾಗಿಲು ಹಾಕಿಕೊಂಡರೆ ಅವನು ತೆರೆದಿರುವ ಮನೆಗೆ ನುಗ್ಗುತ್ತಾನೆ. ಎಲ್ಲ ಬಾಗಿಲೂ ಒಂದೇ ರಾತ್ರಿ ಹಾಕಿದರೆ ಅವನಿಗೆ ಉಳಿಯಲು ಜಾಗವಿಲ್ಲ. 1995ರಿಂದ ದೇಶದಲ್ಲಿ ನಡೆದಿರುವುದು ಇದೇ. ಆ ವೈರಸ್ಸಿನಿಂದ ಕಾಲು ಸೋತ ಕೊನೆಯ ಮಗು ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಪಾಕಿಸ್ತಾನ, ಅಫ್ಗಾನಿಸ್ತಾನದಲ್ಲಿ ಅದು ಇನ್ನೂ ಇರುವುದರಿಂದ ನಾವು ಬಾಗಿಲು ತೆರೆದಿಡುವಂತಿಲ್ಲ.

ಮೊದಲ ಗುರುತು: ಬಾಟಲಿ ಮೇಲಿನ ಚೌಕ

ಪೋಲಿಯೊ ಹನಿ ಬಿಸಿಗೆ ಬೇಗ ಕೆಡುತ್ತದೆ. ಮಕ್ಕಳ ಲಸಿಕೆಗಳಲ್ಲೇ ಇದು ತುಂಬಾ ಸೂಕ್ಷ್ಮ. ಹಾಗಾಗಿ ಐಸ್ ತುಂಬಿದ ಡಬ್ಬಿಯಲ್ಲಿಟ್ಟು ತರುತ್ತಾರೆ, ನೆರಳಿನಲ್ಲಿ ಕೂರುತ್ತಾರೆ. ಕೆಟ್ಟಿದೆಯೋ ಇಲ್ಲವೋ ಎಂದು ಬಾಟಲಿಯೇ ಹೇಳುತ್ತದೆ.

ಚಿಕ್ಕ ಬಾಟಲಿಯ ಲೇಬಲ್ ಮೇಲೆ ನೇರಳೆ ಬಣ್ಣದ ಒಂದು ದುಂಡು ಚಿತ್ರ ಇರುತ್ತದೆ. ದುಂಡಿನ ಒಳಗೆ ಒಂದು ಚೌಕ. ಹೊಸ ಬಾಟಲಿಯಲ್ಲಿ ಚೌಕ ಹೆಚ್ಚುಕಮ್ಮಿ ಬಿಳಿ ಇರುತ್ತದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಗಾಗುತ್ತಾ ಹೋಗುತ್ತದೆ. ಮತ್ತೆ ಐಸ್‌ನಲ್ಲಿಟ್ಟರೂ ಅದು ಬೆಳ್ಳಗಾಗುವುದಿಲ್ಲ.

ನೋಡುವುದು ಇಷ್ಟೇ. ಒಳಗಿನ ಚೌಕ ಸುತ್ತಲಿನ ದುಂಡಿಗಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಿದೆ. ಚೌಕ ದುಂಡಿನಷ್ಟೇ ಬಣ್ಣಕ್ಕೆ ಬಂದಿದ್ದರೆ, ಅಥವಾ ಇನ್ನೂ ಗಾಢವಾಗಿದ್ದರೆ ಅದನ್ನು ಹಾಕಬಾರದು. ಮೈ ಬಿಸಿಯಷ್ಟು ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಸುಮಾರು ಎರಡು ದಿನ ಇಟ್ಟರೆ ಚೌಕ ಆ ಮಟ್ಟಕ್ಕೆ ಬರುತ್ತದೆ. ಬೂತಿನಲ್ಲಿ ‘ಸಿಸ್ಟರ್, ಬಾಟಲಿ ಸ್ವಲ್ಪ ತೋರಿಸಿ’ ಎಂದು ಕೇಳಿ. ತೋರಿಸುವುದು ಅವರ ಕೆಲಸ. ಕೇಳಿದವರನ್ನು ಗದರಿದರೆ ತಪ್ಪು ಅವರದು, ನಿಮ್ಮದಲ್ಲ.

ದ್ರವದ ಬಣ್ಣ ನೋಡಿ ಹೆದರಬೇಡಿ. ಒಂದು ಬಾಟಲಿಯಲ್ಲಿ ಹಳದಿ, ಇನ್ನೊಂದರಲ್ಲಿ ಗುಲಾಬಿ ಇರಬಹುದು. ಎರಡೂ ಸರಿ. ನೋಡಬೇಕಾದ್ದು ಚೌಕವನ್ನು.

ಬಾಟಲಿ ನೋಡಿ ಎನ್ನಲು ಇನ್ನೊಂದು ಕಾರಣ ಇದೆ. 2021ರ ಜನವರಿ ಕೊನೆಯ ಭಾನುವಾರ, ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಒಂದು ಹಳ್ಳಿಯಲ್ಲಿ 12 ಮಕ್ಕಳ ಬಾಯಿಗೆ ಪೋಲಿಯೊ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕಿಬಿಟ್ಟಿದ್ದರು. ಮಕ್ಕಳಿಗೆ ವಾಂತಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಆಮೇಲೆ ಚೇತರಿಸಿಕೊಂಡರು. ಅಂಥದ್ದು ತೀರಾ ಅಪರೂಪ. ಆದರೂ ಚೌಕ ಇರುವ ಚಿಕ್ಕ ಬಾಟಲಿಯನ್ನು ಕಣ್ಣಾರೆ ನೋಡಿದ ತಾಯಿ ಅಲ್ಲೇ ತಡೆಯುತ್ತಾಳೆ, ಅಲ್ವಾ?

ಬಾಯಿಗೆ ಹಾಕುವಾಗ

ಮಗುವನ್ನು ತೊಡೆ ಮೇಲೆ ಮಲಗಿಸಿಕೊಳ್ಳಿ. ಬಾಯಿ ತೆರೆಯದಿದ್ದರೆ ಅವರು ಕೆನ್ನೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾರೆ. ಹನಿ ಎರಡು. ನೀವೂ ಎಣಿಸಿ. ಬಾಟಲಿಯ ತುದಿ ಮಗುವಿನ ತುಟಿಗೆ, ನಾಲಿಗೆಗೆ ತಾಗಬಾರದು. ಅದೇ ತುದಿಯಿಂದ ಇನ್ನೂ ಹತ್ತಾರು ಮಕ್ಕಳಿಗೆ ಹಾಕಬೇಕು.

ಮಗು ಉಗುಳಿಬಿಟ್ಟರೆ? ಮತ್ತೆ ಎರಡು ಹನಿ ಹಾಕಿಸಿ. ಸುಮ್ನೆ ಬೆರಳಿಗೆ ಇಂಕು ಹಾಕಿಸಿಕೊಂಡು ಬರಬೇಡಿ.

ಆಮೇಲೆ ಎದೆಹಾಲು ಕುಡಿಸಲು ಕಾಯಬೇಕಿಲ್ಲ. ನೆಗಡಿ, ಸಣ್ಣ ಜ್ವರ, ಭೇದಿ ಇದ್ದರೂ ಹಾಕಿಸಬಹುದು. ಮಗುವಿಗೆ ತುಂಬಾ ಹುಷಾರಿಲ್ಲ, ಆಸ್ಪತ್ರೆಯಲ್ಲಿದೆ ಎಂದರೆ ಅಲ್ಲಿನ ಡಾಕ್ಟರನ್ನು ಕೇಳಿ. ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಕಡಿಮೆ ಎಂದು ಡಾಕ್ಟರು ಹೇಳಿರುವ ಮಗುವಾದರೆ ಬೂತಿನಲ್ಲಿ ಮೊದಲೇ ಹೇಳಬೇಕು.

ಹನಿಯಿಂದ ತೊಂದರೆ ಆಗೋದೇ ಇಲ್ವಾ? ಇದಕ್ಕೆ ನೇರ ಉತ್ತರ ಕೊಡಬೇಕು. ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಇದರಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಸುಮಾರು 27 ಲಕ್ಷ ಮಕ್ಕಳು ಮೊದಲ ಸಲ ಹನಿ ತೆಗೆದುಕೊಂಡರೆ ಒಬ್ಬರಿಗೆ ಅದರಿಂದಲೇ ಕೈಕಾಲು ಸೋಲುವುದು ಉಂಟು. ಲಸಿಕೆ ಇಲ್ಲದ ಕಾಲದಲ್ಲಿ, ಪೋಲಿಯೊ ವೈರಸ್ ಹೊಕ್ಕ ಇನ್ನೂರು ಮಕ್ಕಳಲ್ಲಿ ಒಬ್ಬರ ಕಾಲು ಹೋಗುತ್ತಿತ್ತು. ಮುಂದೆ ಮಕ್ಕಳಾಗುವುದಿಲ್ಲ ಎನ್ನುವ ಮಾತು ಮಾತ್ರ ಪೂರ್ತಿ ಸುಳ್ಳು. 1995ರಲ್ಲಿ ಹನಿ ಹಾಕಿಸಿಕೊಂಡ ಕೂಸುಗಳು ಇವತ್ತು ತಮ್ಮ ಮಕ್ಕಳನ್ನು ಎತ್ತಿಕೊಂಡು ಅದೇ ಬೂತಿಗೆ ಬರುತ್ತಿದ್ದಾರೆ.

ಎರಡನೇ ಗುರುತು: ಎಡಗೈ ಕಿರುಬೆರಳು

ಹನಿ ಹಾಕಿದ ಮೇಲೆ ಮಗುವಿನ ಎಡಗೈ ಕಿರುಬೆರಳಿಗೆ ಇಂಕು ಹಚ್ಚುತ್ತಾರೆ. ಉಗುರಿನ ಮೇಲೂ, ಅದರ ಬುಡದ ಚರ್ಮದ ಮೇಲೂ ಬೀಳಬೇಕು. ಮೊದಲು ಬೆರಳನ್ನು ಒರೆಸಿ. ಎಣ್ಣೆ, ಜೊಲ್ಲು ಇದ್ದರೆ ಇಂಕು ನಿಲ್ಲುವುದಿಲ್ಲ. ಕೂಸುಗಳು ಬೆರಳು ಚೀಪುವುದರಿಂದ ಒಣಗುವವರೆಗೆ ಅರೆ ನಿಮಿಷ ಕೈ ಹಿಡಿದುಕೊಳ್ಳಿ.

ಮೊದಲು ಹನಿ, ಆಮೇಲೆ ಇಂಕು. ಮುಂದಿನ ದಿನ ಮನೆಗೆ ಬರುವವರು ಈ ಬೆರಳನ್ನೇ ನೋಡುತ್ತಾರೆ. ‘ಹಾಕಿಸಿದ್ದೀವಿ’ ಎಂದರೆ ಸಾಲದು. ಇಂಕು ಅಳಿಸಿಹೋಗಿ ಅವರು ಮತ್ತೆ ಹನಿ ಹಾಕಿದರೆ ಜಗಳ ಮಾಡಬೇಡಿ, ಎರಡು ಸಲ ಬಿದ್ದರೆ ಅಪಾಯವಿಲ್ಲ.

ಮೂರನೇ ಗುರುತು: ಗೋಡೆ ಮೇಲಿನ ಸೀಮೆಸುಣ್ಣ

ಭಾನುವಾರ ಬೂತು ಮುಗಿದ ಮೇಲೆ ಎರಡು ಮೂರು ದಿನ ಇಬ್ಬಿಬ್ಬರಾಗಿ ಮನೆ ಮನೆಗೆ ಬರುತ್ತಾರೆ. ಹೋಗುವಾಗ ಬಾಗಿಲ ಪಕ್ಕ ಇಂಗ್ಲಿಷಿನ ಒಂದು ಅಕ್ಷರ ಬರೆಯುತ್ತಾರೆ. ಓದಲು ಬರದಿದ್ದರೂ ಆಕಾರ ನೋಡಿ. ಕೋಲಿಗೆ ತಲೆ ಇಟ್ಟಂತೆ ಇದ್ದರೆ ಅದು ‘ಪಿ’. ಆ ಮನೆಯಲ್ಲಿ ಹನಿ ತಪ್ಪಿದ ಮಗು ಯಾವುದೂ ಇಲ್ಲ ಎಂದರ್ಥ. ಎರಡು ಕಡ್ಡಿ ಅಡ್ಡಡ್ಡ ಇಟ್ಟಂತೆ ಇದ್ದರೆ ಅದು ‘ಎಕ್ಸ್’. ಇಲ್ಲಿ ಯಾವುದೋ ಮಗು ಬಾಕಿ ಇದೆ, ಅಥವಾ ಮನೆ ಬೀಗ ಹಾಕಿತ್ತು. ಆ ಮನೆಗೆ ಮತ್ತೆ ಬರಬೇಕು.

ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದ ಒಂದು ಸಂಸಾರ ಎಂದುಕೊಳ್ಳಿ. ಮೂರು ವರ್ಷದ ಹುಡುಗ, ಇಪ್ಪತ್ತು ದಿನದ ಹೆಣ್ಣು ಕೂಸು. ಭಾನುವಾರ ಅಪ್ಪ ಹುಡುಗನನ್ನು ಮಾತ್ರ ಬೂತಿಗೆ ಕರೆದೊಯ್ದ. ಸೋಮವಾರ ಶೆಡ್ಡಿಗೆ ಟೀಮು ಬಂದಾಗ ತಾಯಿ ಕೂಸನ್ನು ಎತ್ತಿಕೊಂಡು ಅಂಗಡಿಗೆ ಹೋಗಿದ್ದಾಳೆ. ಹುಡುಗನ ಬೆರಳಲ್ಲಿ ಇಂಕು ಇದೆ, ಕೂಸು ಸಿಗಲಿಲ್ಲ. ಶೆಡ್ಡಿನ ತಗಡಿಗೆ ಎಕ್ಸ್ ಬಿತ್ತು. ವಾಪಸ್ ಬಂದ ತಾಯಿ ಅದನ್ನು ನೋಡಿ ಅಳಿಸದೆ, ಪಕ್ಕದವರಿಗೆ ‘ಸಂಜೆ ನಾನು ಇರ್ತೀನಿ’ ಎಂದು ಹೇಳಿಟ್ಟರೆ ಸಾಕು. ಟೀಮಿನವರು ಮತ್ತೆ ಬಂದು ಕೂಸಿಗೆ ಎರಡು ಹನಿ, ಬೆರಳಿಗೆ ಇಂಕು ಹಾಕುತ್ತಾರೆ, ಗೋಡೆಗೆ ಪಿ ಬರೆಯುತ್ತಾರೆ. ಶೆಡ್ಡುಗಳನ್ನು ಗೇಟಿನಿಂದಲೇ ನೋಡಿ ಹೋಗಿಬಿಡುವುದೂ ಉಂಟು. ಹಾಗಾದರೆ ಮೇಸ್ತ್ರಿಗೆ ಹೇಳಿ ಕರೆಸಿ, ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಎಲ್ಲ ದಿನವೂ ತಪ್ಪಿಹೋಯಿತೆಂದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ.

ಇಷ್ಟು ಹಾಕಿಸಿದರೆ ತಾಯಿ ಕಾರ್ಡಿನ ಸೂಜಿ ಬೇಡ ತಾನೇ?

ಬೇಕು. ಭಾನುವಾರದ ಹನಿ ಬೇರೆ, ಕಾರ್ಡಿನ ಲೆಕ್ಕ ಬೇರೆ. ಕಾರ್ಡಿನ ಪ್ರಕಾರ ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ ಹನಿ ಇದೆ. ಅದರ ಜೊತೆ ತೋಳಿಗೆ ಪೋಲಿಯೊ ಸೂಜಿಯೂ ಇದೆ: 6 ವಾರಕ್ಕೆ, 14 ವಾರಕ್ಕೆ, 9 ತಿಂಗಳಿಗೆ. ನಿನ್ನೆ ತಾನೇ ಕಾರ್ಡಿನ ಹನಿ ಬಿದ್ದಿದ್ದರೂ ಭಾನುವಾರ ಮತ್ತೆ ಹಾಕಿಸಬಹುದು.

ಕಾಲು ಇದ್ದಕ್ಕಿದ್ದಂತೆ ಸೋತರೆ?

ನಿನ್ನೆ ಓಡಾಡುತ್ತಿದ್ದ ಮಗು ಇವತ್ತು ಕಾಲು ಎತ್ತುತ್ತಿಲ್ಲ, ಕೈ ಜೋತು ಬಿದ್ದಿದೆ ಎಂದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಹದಿನೈದು ವರ್ಷದೊಳಗಿನ ಯಾವ ಮಗುವಾದರೂ ಸರಿ, ಹನಿ ಹಾಕಿಸಿದ್ದರೂ ಸರಿ, ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಒಂದು ದಿನದ ಅಂತರದಲ್ಲಿ ಎರಡು ಸಲ ಮಗುವಿನ ಮಲವನ್ನು ಡಬ್ಬಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕಾಲು ಸೋತ 14 ದಿನದೊಳಗೆ ಕೊಟ್ಟರೆ ಪರೀಕ್ಷೆಯಲ್ಲಿ ವೈರಸ್ ಸರಿಯಾಗಿ ಗೊತ್ತಾಗುತ್ತದೆ. ತಡವಾದಷ್ಟೂ ಕಂಡುಹಿಡಿಯುವುದು ಕಷ್ಟ.