ಮಲಗಿರುವ ಬೆಕ್ಕಿನ ಉಸಿರು ಎಣಿಸುವುದು: ನಾನು ಮಾಡುವ ರೀತಿ

ನಮ್ಮ ಬೆಕ್ಕಿಗೆ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಇದೆ ಅಂತ ಎಕೋ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಆಗ ಡಾಕ್ಟರು ಮನೆಗೆ ಅಂತ ಕೊಟ್ಟ ಮುಖ್ಯ ಕೆಲಸ ಒಂದೇ. ಅವನು ಮಲಗಿರುವಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಅಂತ ಎಣಿಸಿ ಬರೆದಿಡಿ ಅಂದರು. ಹೃದಯ ಸೋಲತೊಡಗಿದಾಗ ಶ್ವಾಸಕೋಶದ ಒಳಗೋ ಸುತ್ತಲೋ ನೀರು ತುಂಬುತ್ತದೆ, ಉಸಿರು ಚುರುಕಾಗುತ್ತದೆ. ಬೆಕ್ಕುಗಳು ಇದಕ್ಕೆ ಸಾಮಾನ್ಯವಾಗಿ ಕೆಮ್ಮುವುದೂ ಇಲ್ಲ, ನರಳುವುದೂ ಇಲ್ಲ, ಸುಮ್ನೆ ಒಂದು ಮೂಲೆ ಹಿಡಿದು ಕೂತುಬಿಡುತ್ತವೆ. ಹಾಗಾಗಿ ಈ ಎಣಿಕೆಯೇ ಮೊದಲು ಸುಳಿವು ಕೊಡುತ್ತದೆ.

ಎಣಿಸುವಾಗ ನಾನು ಅವನನ್ನು ಮುಟ್ಟುವುದಿಲ್ಲ. ಸ್ವಲ್ಪ ದೂರ ಕೂತು ಪಕ್ಕೆ ನೋಡುತ್ತೇನೆ. ಪಕ್ಕೆ ಮೇಲೇರಿ ಕೆಳಗಿಳಿದರೆ ಒಂದು ಉಸಿರು. ಏರಿದ್ದು ಒಂದು, ಇಳಿದದ್ದು ಇನ್ನೊಂದು ಅಂತ ಎಣಿಸಿದರೆ ಲೆಕ್ಕ ಎರಡರಷ್ಟಾಗುತ್ತದೆ. ಫೋನಿನಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸುತ್ತೇನೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ, ಅದಕ್ಕೇ ನನಗೆ ಅದು ಬೇಡ. ಗುರುಗುಡುತ್ತಿದ್ದರೆ, ನಿದ್ದೆಯಲ್ಲಿ ಮೀಸೆ, ಪಂಜ ಅದುರುತ್ತಿದ್ದರೆ, ಆಗಷ್ಟೇ ಆಡಿ ಬಂದಿದ್ದರೆ, ಅಥವಾ ಸೆಕೆ ಜಾಸ್ತಿ ಇದ್ದರೆ ಆ ಲೆಕ್ಕವನ್ನು ನಾನು ಹಿಡಿಯುವುದಿಲ್ಲ. ಕನಸು ಕಾಣುವಾಗ ಉಸಿರು ಏರುಪೇರಾಗುತ್ತದೆ, ಸ್ವಲ್ಪ ಕಾದರೆ ತಾನೇ ಸಮವಾಗುತ್ತದೆ. ದಟ್ಟ ತುಪ್ಪಳದಲ್ಲಿ ಪಕ್ಕೆಯ ಚಲನೆ ಕಾಣದಿದ್ದರೆ ವಿಡಿಯೋ ಮಾಡಿ ಆಮೇಲೆ ನೋಡಿ ಎಣಿಸಿ, ಕಷ್ಟವೇ ಇಲ್ಲ.

ಆರೋಗ್ಯವಾಗಿರುವ ಬೆಕ್ಕು ಮಲಗಿದ್ದಾಗ ಹೆಚ್ಚಾಗಿ ನಿಮಿಷಕ್ಕೆ 30ರ ಒಳಗೇ ಉಸಿರಾಡುತ್ತದೆ. ಆದರೆ ನಿಮ್ಮ ಬೆಕ್ಕಿನ ಮಾಮೂಲಿ ಲೆಕ್ಕ ಗೊತ್ತಿರುವುದು ಇನ್ನೂ ಮುಖ್ಯ. ನಮ್ಮವನದು 18ರಿಂದ 22. ಅವನಿಗೆ 28 ಬಂದರೂ ನಾನು ಮತ್ತೆ ಎಣಿಸುತ್ತೇನೆ.

ಒಂದು ಸಂಜೆ ಗಾಢ ನಿದ್ದೆಯಲ್ಲೇ 34 ಬಂತು. ಕೋಣೆ ತಂಪಾಗಿತ್ತು, ಗುರುಗುಡುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು ಎಣಿಸಿದರೆ 38. ಅಷ್ಟರಲ್ಲಿ ಎದ್ದು ಕೂತಿದ್ದ, ಆದರೆ ಕೂತ ರೀತಿಯೇ ಬೇರೆ. ಎದೆಯನ್ನು ನೆಲಕ್ಕೆ ಊರಿ, ಮೊಣಕೈಗಳನ್ನು ಮೈಯಿಂದ ಅಗಲಿಸಿ, ಕತ್ತು ಮುಂದಕ್ಕೆ ಚಾಚಿದ್ದ. ಪಕ್ಕಕ್ಕೆ ಒರಗುತ್ತಲೇ ಇರಲಿಲ್ಲ. ಪ್ರತಿ ಉಸಿರಿಗೂ ಹೊಟ್ಟೆ ಒತ್ತಿ ಒತ್ತಿ ಕೆಲಸ ಮಾಡುತ್ತಿತ್ತು, ತಿದಿ ಒತ್ತಿದ ಹಾಗೆ. ಕಷ್ಟಪಟ್ಟು ಉಸಿರಾಡುವುದು ಅಂದರೆ ಇದೇ. ಇದು ಕಂಡ ಮೇಲೆ ಮತ್ತೆ ಎಣಿಸುತ್ತಾ ಕೂರುವ ಮಾತೇ ಇಲ್ಲ.

ಆಸ್ಪತ್ರೆಗೆ ಫೋನ್ ಮಾಡಿ ಎರಡೂ ಲೆಕ್ಕ ಹೇಳಿದೆ, ನಾವು ಬರುವಷ್ಟರಲ್ಲಿ ಆಕ್ಸಿಜನ್ ಸಿದ್ಧವಾಗಿರಲಿ ಅಂತ. ಬುಟ್ಟಿಯ ಮೇಲಿನ ಮುಚ್ಚಳ ತೆಗೆದು, ಅವನನ್ನು ಕೂತ ಭಂಗಿಯಲ್ಲೇ ಎತ್ತಿ ಒಳಗಿಟ್ಟೆ. ಅಪ್ಪಿಕೊಳ್ಳಲಿಲ್ಲ, ನೀರು ಕುಡಿಸಲಿಲ್ಲ, ಬಾಯಿ ಬಿಡಿಸಿ ನೋಡಲಿಲ್ಲ. ಉಸಿರು ಸಾಲದ ಬೆಕ್ಕು ಹೆದರಿ ಒದ್ದಾಡಿದರೆ ಅಷ್ಟರಲ್ಲೇ ಜೀವ ಹೋಗಬಹುದು.

ದಾರಿಯಲ್ಲಿ ಬಾಯಿ ತೆರೆದು ಏದುಸಿರು ಬಿಡತೊಡಗಿದ. ನಾಯಿ ಹಾಗೆ ಮಾಡಿದರೆ ಮೈ ತಂಪು ಮಾಡಿಕೊಳ್ಳುತ್ತಿದೆ ಅನ್ನಬಹುದು, ಬೆಕ್ಕಿನಲ್ಲಿ ಹಾಗಲ್ಲ. ಜೋರಾಗಿ ಆಡಿದ ಮೇಲೋ ಪ್ರಯಾಣದ ಗಾಬರಿಗೋ ಕೆಲವು ಬೆಕ್ಕುಗಳು ಸ್ವಲ್ಪ ಹೊತ್ತು ಹೀಗೆ ಮಾಡಿ ನಿಲ್ಲಿಸುವುದುಂಟು, ಅದನ್ನೂ ಒಮ್ಮೆ ಡಾಕ್ಟರಿಗೆ ಹೇಳಿಡುವುದು ಒಳ್ಳೆಯದು. ಏನನ್ನೋ ಮೂಸಿ ಮೇಲ್ದುಟಿ ಎತ್ತಿ ಒಂದು ಕ್ಷಣ ಬಾಯಿ ತೆರೆದು ನಿಲ್ಲುವುದು ಬೇರೆ, ಅದು ವಾಸನೆ ಹಿಡಿಯುವ ರೀತಿ, ಅದರಲ್ಲಿ ಏದುಸಿರು ಇರುವುದಿಲ್ಲ. ಸುಮ್ಮನೆ ಕೂತಿದ್ದಾಗಲೇ ಬಾಯಿ ತೆರೆದು ಉಸಿರಾಡಿದರೆ, ಅಥವಾ ಒಸಡು ನೀಲಿ, ಬೂದಿ ಬಣ್ಣಕ್ಕೆ ತಿರುಗಿದ್ದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಆಸ್ಪತ್ರೆಯಲ್ಲಿ ಮೊದಲು ಆಕ್ಸಿಜನ್, ಆಮೇಲೆ ನೀರು ಇಳಿಸುವ ಇಂಜೆಕ್ಷನ್. ಉಸಿರು ಸ್ವಲ್ಪ ಸುಧಾರಿಸಿದ ಮೇಲೇ ಎಕ್ಸ್‌ರೇ ತೆಗೆದರು. ಶ್ವಾಸಕೋಶದೊಳಗೆ ನೀರಿತ್ತು. ಹೊರಗಡೆ, ಎದೆಗೂಡಿನಲ್ಲಿ ತುಂಬಿದ್ದರೆ ಸೂಜಿ ಹಾಕಿ ತೆಗೆಯಬೇಕಾಗುತ್ತಿತ್ತಂತೆ. ಆಸ್ತಮಾ, ಸೋಂಕು, ನೋವು, ರಕ್ತಹೀನತೆಯಲ್ಲೂ ಉಸಿರು ಹೆಚ್ಚಾಗುತ್ತದೆ, ಹಾಗಾಗಿ ಎಣಿಕೆ ನೋಡಿ ಕಾಯಿಲೆ ಯಾವುದು ಅಂತ ಮನೆಯಲ್ಲೇ ತೀರ್ಮಾನಿಸಲು ಆಗುವುದಿಲ್ಲ.

ಈಗ ನೀರು ಇಳಿಸುವ ಫ್ಯೂರೊಸೆಮೈಡ್ ಮಾತ್ರೆ ನಡೆಯುತ್ತಿದೆ, ಲೆಕ್ಕ ಮತ್ತೆ 20ರ ಆಸುಪಾಸಿಗೆ ಬಂದಿದೆ. ಮಾತ್ರೆಯ ಪ್ರಮಾಣವನ್ನು ನಾನಾಗಿ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಸಂಖ್ಯೆ 30 ದಾಟಿ ಅಲ್ಲೇ ನಿಂತರೆ ಅದೇ ದಿನ ಡಾಕ್ಟರಿಗೆ ಫೋನ್. ಸಂಖ್ಯೆ 24 ಇದ್ದರೂ ಹೊಟ್ಟೆ ಒತ್ತಿ ಉಸಿರಾಡುತ್ತಿದ್ದರೆ ಫೋನಿಗಿಂತ ಮೊದಲು ಬುಟ್ಟಿ.