ಹೆಬ್ಬೆರಳು ಮಡಚಿದ ಕೈಗೆ ಬಳೆಯ ನಂಬರು

ಕಲಬುರಗಿಯಲ್ಲಿ ಬಳೆ ಕೇಳಿಕೊಂಡು ಬರುವವರಲ್ಲಿ ಅರ್ಧದಷ್ಟು ಮಂದಿಯ ಕೈ ನಮ್ಮೆದುರು ಇರುವುದಿಲ್ಲ. ಮಗಳು ಪುಣೆಯಲ್ಲಿರುತ್ತಾಳೆ, ಸೊಸೆ ಹೈದರಾಬಾದಿನಲ್ಲಿರುತ್ತಾಳೆ, ತಾಯಿ ಬಂದು "ಎರಡು ನಾಕು ಕೊಡ್ರಿ" ಅನ್ನುತ್ತಾರೆ. ಕೈ ಎದುರಿಗಿದ್ದರೆ ಒಮ್ಮೆ ಒತ್ತಿ ನೋಡಿದರೆ ಸಾಕು. ಕೈ ಇಲ್ಲದಾಗ ನಂಬರನ್ನು ಹೇಗೆ ಗೊತ್ತು ಮಾಡುತ್ತೇವೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ನಂಬರಿನ ಅರ್ಥ ಸರಿಯಾಗಿ ತಿಳಿದಿರಬೇಕು. ಬಳೆಯ ನಂಬರು ಅದರ ಒಳಗಿನ ಅಡ್ಡಳತೆ, ಅಂದರೆ ಒಳ ಅಂಚಿನಿಂದ ಎದುರಿನ ಒಳ ಅಂಚಿಗೆ ಇರುವ ದೂರ. ಎರಡು ನಾಕು ಎಂದರೆ 2 ಇಂಚು ಮತ್ತು ಇಂಚಿನ 16 ಪಾಲುಗಳಲ್ಲಿ 4. ಹಳೆಯ ರೂಪಾಯಿಗೆ 16 ಆಣೆ ಇದ್ದ ಹಾಗೆ ಇಲ್ಲಿ ಇಂಚಿಗೆ 16 ಪಾಲು. ಹಾಗಾಗಿ ಎರಡು ನಾಕು ಅಂದರೆ ಎರಡೂಕಾಲು ಇಂಚು, ಎರಡು ಎಂಟು ಅಂದರೆ ಎರಡೂವರೆ, ಎರಡು ಹನ್ನೆರಡು ಅಂದರೆ ಎರಡೂಮುಕ್ಕಾಲು. ನಂಬರು ಎರಡೆರಡು ಪಾಲಿನಂತೆ ಏರುವುದರಿಂದ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಗೌಂಡಿಗಳು ಹೇಳುವ ಒಂದು ಸೂತು, ಮೂರು ಮಿಲಿಮೀಟರಿಗಿಂತ ಒಂಚೂರು ಹೆಚ್ಚು.

ಡಬ್ಬಿಯ ಮೇಲೆ ಇದನ್ನೇ ಚುಕ್ಕೆ ಇಟ್ಟು 2.4, 2.6, 2.10 ಎಂದು ಬರೆದಿರುತ್ತಾರೆ. ಗೋಜಲು ಶುರುವಾಗುವುದು ಈ ಚುಕ್ಕೆಯಿಂದ. ಮನೆಯಲ್ಲಿ ಹಳೆಯ ಬಳೆಗೆ ಸ್ಕೇಲ್ ಹಿಡಿದವರಿಗೆ 2.4 ಇಂಚು ಬರುತ್ತದೆ, ಅವರು ಅಂಗಡಿಗೆ ಬಂದು 2.4 ಕೇಳುತ್ತಾರೆ. ಸ್ಕೇಲಿನ 2.4 ಇಂಚು ಅಂದರೆ 61 ಮಿಲಿಮೀಟರು. ನಮ್ಮ ಎರಡು ನಾಕು ಇರುವುದು 57 ಮಿಲಿಮೀಟರು. ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಎರಡು ಆರು. ಇನ್ನು ಕೆಲವರು 2.10 ಅನ್ನು 2.8ಕ್ಕಿಂತ ಸಣ್ಣದೆಂದು ತಿಳಿದು ತೆಳ್ಳಗಿನ ಹುಡುಗಿಗೆ ಒಯ್ಯುತ್ತಾರೆ. ಅದಕ್ಕೇ ನಾವು ಯಾರಾದರೂ ನಂಬರು ಹೇಳಿದ ಕೂಡಲೇ "ಡಬ್ಬಿ ಮ್ಯಾಲಿನ ನಂಬರೇನ್ರಿ ಅಕ್ಕಾರ, ಸ್ಕೇಲ್ ಹಿಡಿದಿದ್ದೇನ್ರಿ?" ಎಂದು ಕೇಳಿಯೇ ಮುಂದೆ ಹೋಗುತ್ತೇವೆ.

ಈಗ ಕೈಯ ಅಳತೆ. ಬಳೆ ಕೂರುವ ಜಾಗ ಮುಂಗೈ ಆದರೂ ಅಳೆಯಬೇಕಾದದ್ದು ಅಂಗೈಯನ್ನು. ಕೀಲು ಇಲ್ಲದ ಬಳೆ ಅಂಗೈ ದಾಟಿಯೇ ಮುಂಗೈಗೆ ಹೋಗಬೇಕಲ್ಲ. ನಾಲ್ಕು ಬೆರಳು ಜೋಡಿಸಿ, ಹೆಬ್ಬೆರಳನ್ನು ಅಂಗೈಯ ಮೇಲೆ ಮಡಚಿ ಅದರ ತುದಿ ಕಿರುಬೆರಳ ಬುಡ ಮುಟ್ಟುವ ಹಾಗೆ ಇಡಬೇಕು. ಮುಷ್ಟಿ ಕಟ್ಟಬಾರದು, ಬೆರಳುಗಳು ನೀಟಾಗಿ ಮುಂದಕ್ಕೇ ಇರಲಿ. ಹೀಗೆ ಹಿಡಿದಾಗ ಬೆರಳ ಬುಡದ ಗೆಣ್ಣುಗಳು ಮತ್ತು ಹೆಬ್ಬೆರಳ ಬುಡದ ಗೆಣ್ಣು ಸೇರಿ ಎಲ್ಲಿ ಕೈ ಎಲ್ಲಕ್ಕಿಂತ ದಪ್ಪವೋ ಅಲ್ಲಿ ಟೇಪು ಸುತ್ತಬೇಕು. ಒಂದು ಜಾಗಕ್ಕೆ ನಿಲ್ಲಿಸದೆ ಟೇಪನ್ನು ಹಿಂದೆ ಮುಂದೆ ಸರಿಸಿ ದೊಡ್ಡ ಅಂಕಿಯನ್ನೇ ಹಿಡಿಯಿರಿ.

ಟೇಪು ಇಲ್ಲದಿದ್ದರೆ ದಾರ ಬಳಸುತ್ತಾರೆ. ಅದು ನಮಗೆ ಒಪ್ಪಿಗೆಯಿಲ್ಲ. ದಾರ ಎಳೆದಷ್ಟೂ ಹಿಗ್ಗುತ್ತದೆ, ಮೆತ್ತನೆಯ ಮಾಂಸದಲ್ಲಿ ಹೂತುಕೊಂಡು ಅಳತೆ ಕಡಿಮೆ ತೋರಿಸುತ್ತದೆ. ನೋಟ್‌ಬುಕ್ಕಿನ ಹಾಳೆಯಿಂದ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಕೈಗೆ ಸುತ್ತಿ, ತುದಿಗೆ ಅಂಟಿಸಿ ಉಂಗುರದಂತೆ ಮಾಡಿಕೊಳ್ಳಿ. ಆ ಉಂಗುರ ಹರಿಯದೆ ಗೆಣ್ಣು ದಾಟಿ ಹೊರಬರಬೇಕು. ಬಂದರೆ ಅದನ್ನು ಕತ್ತರಿಸಿ ಬಿಡಿಸಿ ಸ್ಕೇಲಿಗೆ ಹಿಡಿಯಿರಿ.

ಬಂದ ಅಂಕಿಯನ್ನು ನಂಬರಿಗೆ ತಿರುಗಿಸಲು ಗುಣಾಕಾರ ಭಾಗಾಕಾರ ಬೇಕಿಲ್ಲ. ಬಳೆಯ ಒಳಸುತ್ತು ಎರಡು ಎರಡಕ್ಕೆ 17 ಸೆಂಟಿಮೀಟರು, ಅಲ್ಲಿಂದ ಒಂದೊಂದು ನಂಬರಿಗೆ ಒಂದೊಂದು ಸೆಂಟಿಮೀಟರು ಏರುತ್ತದೆ. 18ಕ್ಕೆ ಎರಡು ನಾಕು, 19ಕ್ಕೆ ಎರಡು ಆರು, 20ಕ್ಕೆ ಎರಡು ಎಂಟು, 21ಕ್ಕೆ ಎರಡು ಹತ್ತು, 22ಕ್ಕೆ ಎರಡು ಹನ್ನೆರಡು. ಲೆಕ್ಕ ಹಾಕಿದರೆ ಪ್ರತಿಯೊಂದೂ ಅರ್ಧ ಮಿಲಿಮೀಟರಿನಷ್ಟು ಕಡಿಮೆ ಇದೆ, ಗಾಜಿನ ಬಳೆಗೆ ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹತ್ತರಲ್ಲಿ ಎರಡು ಮೂರು ಕೈಗಳು ತಪ್ಪುತ್ತವೆ. ಎರಡು ಕೈ ಇದ್ದು, ಎರಡೂ 19 ಅಳತೆ ಕೊಟ್ಟರೂ ಒಂದಕ್ಕೆ ಎರಡು ನಾಕು ಏರಿಬಿಡುತ್ತದೆ, ಇನ್ನೊಂದಕ್ಕೆ ಎರಡು ಆರೂ ಗೆಣ್ಣಿನಲ್ಲೇ ನಿಲ್ಲುತ್ತದೆ. ಕಾರಣ ಹೀಗಿದೆ. ಮಡಚಿದ ಕೈ ದುಂಡಗಿಲ್ಲ, ಚಪ್ಪಟೆಯಾಗಿದೆ. ಕಾಗದದ ಉಂಗುರ ಕೈಯ ಆಕಾರಕ್ಕೆ ತಾನೇ ಬಗ್ಗುತ್ತದೆ. ಬಳೆ ಬಗ್ಗುವುದಿಲ್ಲ, ಕೈಯೇ ಬಳೆಯ ಆಕಾರಕ್ಕೆ ದುಂಡಗಾಗಬೇಕು. ಅಂಗೈಯೊಳಗಿನ ಎಲುಬುಗಳಲ್ಲಿ ತೋರುಬೆರಳಿನದು ಮತ್ತು ನಡುಬೆರಳಿನದು ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಉಂಗುರ ಬೆರಳು, ಕಿರುಬೆರಳುಗಳ ಎಲುಬು ಒಳಕ್ಕೆ ಬಾಗುತ್ತವೆ, ಹೆಬ್ಬೆರಳಿನದು ಎಲ್ಲಕ್ಕಿಂತ ಹೆಚ್ಚು ಬಾಗುತ್ತದೆ. ಬಳೆ ಇಡುವವರು ಕೈಯ ಎರಡು ಪಕ್ಕಗಳನ್ನು, ಕಿರುಬೆರಳ ಕಡೆಯಿಂದ ಮತ್ತು ಹೆಬ್ಬೆರಳ ಕಡೆಯಿಂದ, ಒಟ್ಟಿಗೆ ಒತ್ತುವುದು ಇದಕ್ಕೇ. ಹಾಗೆ ಒತ್ತಿದಾಗ ಅಂಗೈ ದೊನ್ನೆಯಂತೆ ಗುಳಿ ಬಿದ್ದರೆ ಅದು ಮೆತ್ತನೆಯ ಕೈ, ಟೇಪಿನ ನಂಬರಿಗಿಂತ ಒಂದು ಕೆಳಗಿನದೂ ಏರುತ್ತದೆ. ಹಲಗೆಯಂತೆ ನಿಂತರೆ ಗಟ್ಟಿ ಕೈ, ಒಂದು ಮೇಲಿನದೇ ಬೇಕು. ತೊಗರಿ ಹೊಲದಲ್ಲಿ ವರ್ಷಗಟ್ಟಲೆ ಕಸ ತೆಗೆದ ಕೈ, ಗೆಣ್ಣು ಬಾತ ವಯಸ್ಸಾದವರ ಕೈ ಈ ಎರಡನೆಯ ಜಾತಿಯದು. ಕೈ ನೋಡಲು ತೆಳ್ಳಗಿರುತ್ತದೆ, ಆದರೆ ನಂಬರು ದೊಡ್ಡದು ಕೇಳುತ್ತದೆ. ಅವರಿಗೆ ಸಣ್ಣದನ್ನು ಒತ್ತಿ ಇಡಲು ಹೋದರೆ ಬಳೆಯೂ ಹೋಗುತ್ತದೆ, ಕೈಯೂ ಗೀರುತ್ತದೆ.

ದೂರದಲ್ಲಿರುವ ಕೈಯ ಮೆದುತನವನ್ನು ಫೋನಿನಲ್ಲಿ ತಿಳಿಯುವುದು ಹೇಗೆ? ನಾವು ರಟ್ಟಿನ ಬಳೆ ಮಾಡಿಸುತ್ತೇವೆ. ಸೀರೆ ಡಬ್ಬಿಯದೋ ಮದುವೆ ಕಾರ್ಡಿನದೋ ದಪ್ಪ ರಟ್ಟು ತೆಗೆದುಕೊಂಡು, ಮಕ್ಕಳ ಕಂಪಾಸಿನಿಂದ ವೃತ್ತ ಎಳೆದು, ನಡುವಿನ ಭಾಗ ಕತ್ತರಿಸಿ ತೆಗೆಯಬೇಕು. ಕಂಪಾಸಿನ ಬಾಯಿ 30 ಮಿಲಿಮೀಟರ್ ತೆರೆದರೆ ಎರಡು ಆರು, 32 ತೆರೆದರೆ ಎರಡು ಎಂಟು. ಸುತ್ತಲೂ ಮೂರು ಬೆರಳಷ್ಟು ರಟ್ಟು ಉಳಿದಿರಲಿ, ಇಲ್ಲವಾದರೆ ಅದೂ ಕಾಗದದಂತೆ ಬಗ್ಗಿ ಮೋಸ ಮಾಡುತ್ತದೆ. ಆ ತೂತಿನಲ್ಲಿ ಕೈ ತೂರಿಸಿದಾಗ ಎಲ್ಲಿ ಸಿಕ್ಕಿಕೊಂಡಿತು ಎಂದು ಕೇಳುತ್ತೇವೆ. ಹೆಬ್ಬೆರಳ ಬುಡದ ಮಾಂಸದಲ್ಲಿ ಸಿಕ್ಕಿದರೆ ಸೋಪಿನ ನೀರು ಹಚ್ಚಿದರೆ ದಾಟುತ್ತದೆ, ಆ ನಂಬರೇ ಆಗಬಹುದು. ಹೆಬ್ಬೆರಳು ಇನ್ನೂ ಹೊರಗಿರುವಾಗಲೇ ನಾಲ್ಕು ಬೆರಳ ಗೆಣ್ಣುಗಳಲ್ಲಿ ಸಿಕ್ಕಿದರೆ ಅದು ಎಲುಬಿನ ತಡೆ. ಎಲುಬಿಗೆ ಸೋಪು ಎಣ್ಣೆ ಏನೂ ಮಾಡುವುದಿಲ್ಲ, ಮುಂದಿನ ನಂಬರು ತೆಗೆಯಬೇಕು.

ಅಳೆಯುವ ಹೊತ್ತೂ ಮುಖ್ಯ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನದ ಕೈ ಬೆಳಗಿನ ಕೈಯಲ್ಲ. ಗಾಜಿನ ಬಳೆಯನ್ನು ರಾತ್ರಿ ಹಗಲು ತೊಡುವವರು ಸಂಜೆ ಅಳೆಯಲಿ. ಹೆಚ್ಚು ಕೆಲಸ ಮಾಡುವ ಕೈ ಸಾಮಾನ್ಯವಾಗಿ ಸ್ವಲ್ಪ ದಪ್ಪ, ಎರಡೂ ಕೈ ಅಳೆದು ದೊಡ್ಡದಕ್ಕೆ ತಕ್ಕಂತೆ ನಂಬರು ಹಿಡಿಯುವುದು ನಮ್ಮ ರೂಢಿ.

ಒಂದು ಲೆಕ್ಕ ಪೂರ್ತಿ ಹೇಳುತ್ತೇನೆ. ಏಳನೇ ತಿಂಗಳ ಕುಬಸಕ್ಕೆ ಹಸಿರು ಬಳೆ ಬೇಕಿತ್ತು, ಹುಡುಗಿ ಬೇರೆ ಊರಿನಲ್ಲಿ. ತಾಯಿ ಹೇಳಿದ ನಂಬರು 2.4. ಕೇಳಿದರೆ ಅದು ಮದುವೆಯಲ್ಲಿ ತೊಟ್ಟ ಬಳೆಯ ಡಬ್ಬಿಯ ನಂಬರೇ, ಸ್ಕೇಲಿನದಲ್ಲ. ಅಂದರೆ ಆಗ ಕೈ ಸುಮಾರು 18 ಇತ್ತು. ಕಾಗದದ ಪಟ್ಟಿಯಿಂದ ಅಳೆಸಿದಾಗ ಬೆಳಿಗ್ಗೆ ಬಲಗೈ 18.7, ಸಂಜೆ 19.2 ಬಂತು. ಬಸುರಿನಲ್ಲಿ ಕೈ ಊದುವುದು ಸಾಮಾನ್ಯ, ಇನ್ನೂ ಎರಡು ತಿಂಗಳು ಬಾಕಿ. ಅಂಗೈ ಮೆತ್ತಗಿತ್ತು, ಎರಡು ಆರರ ರಟ್ಟು ಸೋಪಿಲ್ಲದೆ ಹೆಬ್ಬೆರಳ ಬುಡದ ತನಕ ಹೋಗಿ ನಿಂತಿತು. ಏರಿಸುವುದಷ್ಟೇ ಮುಖ್ಯವಾಗಿದ್ದರೆ ಎರಡು ಆರು ಸಾಕಿತ್ತು. ಆದರೆ ಹೆರಿಗೆಗೆ ಹೋಗುವಾಗ ಆಸ್ಪತ್ರೆಯಲ್ಲಿ ಬಳೆ ತೆಗೆಯಿರಿ ಅನ್ನಬಹುದು, ಊದಿದ ಕೈಯಿಂದ ತೆಗೆಯುವುದು ಇಡುವುದಕ್ಕಿಂತ ಕಷ್ಟ. ಆದ್ದರಿಂದ ಎರಡು ಎಂಟು ಆರಿಸಿದೆವು.

ತಾಯಿಗೆ ಇದ್ದ ಅನುಮಾನ, "ಸಡ್ಲ ಆಗಿ ಉದುರೂದಿಲ್ಲೇನ್ರಿ?" ಬಿಡಿಸಿಟ್ಟ ಕೈಯಿಂದ ಅದು ಉದುರುವುದಿಲ್ಲ, ಏಕೆಂದರೆ ಹೆಬ್ಬೆರಳು ತೆರೆದಿರುವಾಗ ಅದರ ಬುಡವೇ ಅಡ್ಡ ನಿಲ್ಲುತ್ತದೆ. ಪರೀಕ್ಷೆ ಸುಲಭ: ಬಳೆ ತೊಟ್ಟ ಕೈಯನ್ನು ಕೆಳಗೆ ಇಳಿಬಿಟ್ಟು ಹೆಬ್ಬೆರಳು ಮಡಚಿ ಒಮ್ಮೆ ಝಾಡಿಸಬೇಕು. ಹೆಬ್ಬೆರಳ ಬುಡದಲ್ಲಿ ನಿಂತರೆ ಸರಿ, ಬೆರಳ ಗೆಣ್ಣಿಗೆ ಇಳಿದರೆ ಒಂದು ನಂಬರು ದೊಡ್ಡದು. ಜೋಳದ ರೊಟ್ಟಿ ಬಡಿಯುವವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ, ದೊಡ್ಡದಾದ ಬಳೆ ಪ್ರತಿ ಏಟಿಗೂ ಅಂಗೈಗೆ ಇಳಿದು ಬಂದು ಎರಡನೇ ರೊಟ್ಟಿಗೆ ಒಡೆಯುತ್ತದೆ.

ಈ ಲೆಕ್ಕವೆಲ್ಲ ತೆಳು ಗಾಜಿನ ಬಳೆಗೆ. ಬೆರಳಗಲದ ಕಡಗಕ್ಕೂ ಅಗಲವಾದ ಅರಗಿನ ಬಳೆಗೂ ಟೇಪಿನ ನಂಬರಿನ ಮೇಲೆ ಒಂದು ಸೇರಿಸುತ್ತೇವೆ. ತೆಳು ಬಳೆಯನ್ನು ಸ್ವಲ್ಪ ಓರೆ ಮಾಡಿ ಮೊದಲು ಕಿರುಬೆರಳ ಗೆಣ್ಣು, ಆಮೇಲೆ ಹೆಬ್ಬೆರಳ ಗೆಣ್ಣು ಎಂದು ಒಂದೊಂದಾಗಿ ದಾಟಿಸಬಹುದು. ಅಗಲದ್ದಕ್ಕೆ ಆ ಅವಕಾಶವಿಲ್ಲ, ಎರಡೂ ಗೆಣ್ಣು ಒಟ್ಟಿಗೆ ಒಳಗೆ ಬರಬೇಕು. ಕೀಲು, ತಿರುಪು ಇರುವ ಕಡಗಕ್ಕೆ ಮಾತ್ರ ಅಂಗೈ ಬಿಟ್ಟು ಮುಂಗೈ ಅಳೆದರೆ ಆಯಿತು.

ಗಾಜಿನದನ್ನು ಓರೆ ಮಾಡುವಾಗಲೂ ಒಂದು ಎಚ್ಚರ ಬೇಕು. ಬಳೆಯ ಎರಡು ತುದಿ ಸೇರಿಸಿದ ಬೆಸುಗೆ ಬೆರಳಾಡಿಸಿದರೆ ಗಂಟಿನಂತೆ ಸಿಗುತ್ತದೆ. ಅದು ಒಳಕ್ಕೆ ಉಬ್ಬಿದ್ದರೆ ಆ ಬಳೆಯ ಅಳತೆ ಅಷ್ಟರಮಟ್ಟಿಗೆ ಕಡಿಮೆ, ಅಂಥದ್ದನ್ನು ಡಜನ್ನಿನಿಂದ ತೆಗೆದು ಪಕ್ಕಕ್ಕಿಡುತ್ತೇವೆ. ಉಳಿದವನ್ನು ಇಡುವಾಗ ಬೆಸುಗೆಯನ್ನು ಗೆಣ್ಣಿನ ಮೇಲೆ ಬರಗೊಡದೆ ಅಂಗೈಯ ಮೆತ್ತನೆಯ ಕಡೆಗೆ ತಿರುಗಿಸುತ್ತೇವೆ. ಪುಣೆಗೋ ಹೈದರಾಬಾದಿಗೋ ಕಳಿಸುವ ಡಬ್ಬಿಯಲ್ಲಿ, ಮನೆಯವರೇ ಇಡುವುದರಿಂದ, ಇದನ್ನೊಂದು ಚೀಟಿಯಲ್ಲಿ ಬರೆದು ಮೇಲಿಡುತ್ತೇವೆ. ಜೊತೆಗೆ ಪಕ್ಕದ ನಂಬರಿನ ಒಂದೇ ಒಂದು ಬಳೆಯನ್ನೂ ಹಾಕಿರುತ್ತೇವೆ, ಮೊದಲು ಅದನ್ನು ಇಟ್ಟು ನೋಡಿ ಆಮೇಲೆ ಡಜನ್ ಬಿಚ್ಚಲಿ ಎಂದು.