ಕಾರ್ಡ್ ಅದೇ, ಶೀರ್ಷಿಕೆ ಬೇರೆ: ನನ್ನ ಅನುಭವ

ಧಾರವಾಡದಲ್ಲಿ ಪದವಿ ಓದುವಾಗ ಹಾಸ್ಟೆಲ್ ಕೋಣೆಯಲ್ಲಿ ಕೂತು ನಾನು ಶುಭಾಶಯ ಕಾರ್ಡ್‌ಗಳನ್ನು ಮಾಡುತ್ತಿದ್ದೆ. ದಪ್ಪನೆಯ ಎ4 ಹಾಳೆಯನ್ನು ಎರಡಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಮಡಚಿದರೆ ಎ6 ಅಳತೆಯ ಎರಡು ಕಾರ್ಡ್‌ಗಳಾಗುತ್ತವೆ. ಅದರ ಮೇಲೆ ಬಣ್ಣದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಹೂಗಳನ್ನು ಅಂಟಿಸುತ್ತಿದ್ದೆ. ಕೈಕೆಲಸದ ವಸ್ತುಗಳನ್ನು ಮಾರುವ ಜಾಲತಾಣ ಎಟ್ಸಿಯಲ್ಲಿ ಅವುಗಳನ್ನು ಮಾರಾಟಕ್ಕೆ ಇಟ್ಟಾಗ ಒಂದೊಂದಕ್ಕೂ ಕವಿತೆಯಂಥ ಹೆಸರು ಕೊಟ್ಟಿದ್ದೆ. ಮಲ್ಲಿಗೆಯ ಕಾರ್ಡ್‌ನ ಹೆಸರು ‘ಮೊಗ್ಗಿನ ಮಾತು’. ಆ ಹೆಸರು ಇಂದಿಗೂ ನನಗೆ ಇಷ್ಟ, ಆದರೆ ತಾಯಿಗೆ ಕಾರ್ಡ್ ಕಳಿಸಬೇಕೆಂದು ಹೊರಟವರು ಯಾರೂ ಅದನ್ನು ಟೈಪ್ ಮಾಡಿ ಹುಡುಕುವುದಿಲ್ಲ.

ಶೀರ್ಷಿಕೆ ಬದಲಿಸುವ ಮೊದಲು ನಾನು ಗೆಳತಿಯರಿಗೆ ಕಾರ್ಡ್ ತೋರಿಸಿ, ಹೆಸರು ಹೇಳದೆ, ‘ಇಂಥದ್ದು ಬೇಕಾದರೆ ಏನೆಂದು ಹುಡುಕುತ್ತೀರಿ?’ ಎಂದು ಕೇಳಿ ಅವರ ಮೊಬೈಲ್‌ನಲ್ಲೇ ಬರೆಸಿದೆ. ಬಹುತೇಕರು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದರು. ಯಾರಿಗೆ ಮತ್ತು ಯಾವ ಸಂದರ್ಭಕ್ಕೆ ಎಂಬುದು ಮೊದಲು ಬಂತು, ಹೂವಿನ ಮಾತು ಕೊನೆಗೆ ಬಂತು ಅಥವಾ ಬರಲೇ ಇಲ್ಲ. ಶೀರ್ಷಿಕೆಯನ್ನು ಅದೇ ಕ್ರಮದಲ್ಲಿ ಕಟ್ಟಿದೆ:

```
Kannada Birthday Card for Amma, Handmade Quilled Jasmine, A6, Blank Inside
```

ಎಟ್ಸಿಯಲ್ಲಿ ಶೀರ್ಷಿಕೆಗೆ 140 ಅಕ್ಷರಗಳ ಅವಕಾಶವಿದೆ, ಆದರೆ ಮೊಬೈಲ್‌ನ ಹುಡುಕಾಟದ ಪುಟದಲ್ಲಿ ಕಾಣುವುದು ಆರಂಭದ ಕೆಲವೇ ಪದಗಳು. ಆದ್ದರಿಂದ ಭಾಷೆ, ಸಂದರ್ಭ ಮತ್ತು ಪಡೆಯುವವರು ಮೊದಲೇ ಇರಬೇಕು. ಒಳಗೆ ಖಾಲಿ ಎಂಬುದನ್ನೂ ಶೀರ್ಷಿಕೆಯಲ್ಲೇ ಹೇಳಿದ ಮೇಲೆ ‘ಒಳಗೆ ಏನು ಬರೆದಿದೆ?’ ಎಂಬ ಪ್ರಶ್ನೆಗಳು ಕಡಿಮೆಯಾದವು.

ಶೀರ್ಷಿಕೆಯಲ್ಲಿ ಜಾಗ ಸಿಗದ ಪದಗಳಿಗೆ ಟ್ಯಾಗ್‌ಗಳಿವೆ: ಒಟ್ಟು 13, ಪ್ರತಿಯೊಂದೂ 20 ಅಕ್ಷರಗಳೊಳಗೆ, ನಡುವಿನ ಖಾಲಿ ಜಾಗವೂ ಸೇರಿ. `kannada birthday card` ಎಂಬುದು 21 ಆಗುವುದರಿಂದ `kannada bday card` ಎಂದು ಬರೆಯಬೇಕಾಯಿತು. ನಮ್ಮವರು ಹಬ್ಬದ ಹೆಸರನ್ನು `ugadi` ಎಂದೂ `yugadi` ಎಂದೂ ಬರೆಯುತ್ತಾರೆ. ಆ ಕಾರ್ಡ್‌ನ ಶೀರ್ಷಿಕೆಗೆ ಒಂದು ರೂಪವನ್ನು, ಟ್ಯಾಗ್‌ಗೆ ಇನ್ನೊಂದನ್ನು ಹಾಕಿದೆ.

ಎಲ್ಲ ಕಾರ್ಡ್‌ಗಳ ಶೀರ್ಷಿಕೆಯನ್ನೂ ಒಂದೇ ಸಲ ಬದಲಿಸಲಿಲ್ಲ. ಕೆಲವನ್ನು ಹಾಗೆಯೇ ಬಿಟ್ಟು, ಬೆಲೆಯನ್ನೂ ಫೋಟೋಗಳನ್ನೂ ಮುಟ್ಟದೆ ಕಾದೆ. ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತಿರಲಿಲ್ಲ. ಬದಲಿಸಿದ ಕಾರ್ಡ್‌ಗಳಿಗೆ ಮೊದಲು ನೋಡುವವರು ಹೆಚ್ಚಿದರು, ನಂತರ ಆರ್ಡರ್‌ಗಳು ಬಂದವು, ಅದರಲ್ಲೂ ಹೊರದೇಶಗಳಲ್ಲಿರುವ ಕನ್ನಡಿಗರಿಂದ. ಅಂಗಡಿಯ ಅಂಕಿಅಂಶಗಳ ಪುಟದಲ್ಲಿ ಜನ ಯಾವ ಪದಗಳಿಂದ ಬಂದರೆಂಬುದು ಕಾಣುತ್ತದೆ. ಒಂದು ಕಾರ್ಡ್ ಅನ್ನು ಬಹಳ ಮಂದಿ ನೋಡಿಯೂ ಯಾರೂ ಕೊಳ್ಳದಿದ್ದಾಗ ಆ ಪಟ್ಟಿಯನ್ನು ನೋಡಿದೆ. ಶೀರ್ಷಿಕೆಯಲ್ಲಿದ್ದ `gift` ಪದ ಉಡುಗೊರೆ ಹುಡುಕುವವರನ್ನು ಎಳೆತರುತ್ತಿತ್ತು. ಅದನ್ನು ತೆಗೆದ ಮೇಲೆ ನೋಡುವವರು ಕಡಿಮೆಯಾದರು, ಆದರೆ ಬಂದವರು ಕಾರ್ಡ್‌ಗಾಗಿಯೇ ಬಂದವರಾಗಿದ್ದರು.

ಹಬ್ಬದ ಕಾರ್ಡ್‌ಗಳಿಗೆ ಮಾತ್ರ ಶೀರ್ಷಿಕೆಯೊಂದೇ ಸಾಲದು. ಅಂಚೆಯಲ್ಲಿ ಹೊರದೇಶ ತಲುಪಲು ವಾರಗಳು ಬೇಕಾಗುವುದರಿಂದ, ಯುಗಾದಿಯ ಕಾರ್ಡ್‌ಗಳನ್ನು ನಾನು ಸಂಕ್ರಾಂತಿ ಮುಗಿಯುತ್ತಿದ್ದಂತೆಯೇ ಅಂಗಡಿಯಲ್ಲಿ ಇಡುತ್ತೇನೆ.